ಚಾರ್ಜ್ ಲಿಸ್ಟಿನಲ್ಲಿ ಬರೆಯದೇ ಉಳಿದದ್ದು

ಪತ್ರದ ತಲೆಯಲ್ಲೇ 'ವಿಷಯ: ಚಾರ್ಜ್ ವಹಿಸಿಕೊಡುವ ಬಗ್ಗೆ' ಎಂದಿದೆ. ಅದರ ಕೆಳಗೆ 'ಉಲ್ಲೇಖ: ಇಲ್ಲ'. ಎಡಗಡೆ ಎರಡು ಬೆರಳಿನಷ್ಟು ಮಾರ್ಜಿನ್ ಬಿಟ್ಟು, ನೀಲಿ ಇಂಕಿನಲ್ಲಿ, ಪ್ರತಿ ಪ್ಯಾರಾಕ್ಕೂ ನಂಬರು ಹಾಕಿ ಬರೆದಿದ್ದಾರೆ. ಬರೆದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಬರೆದದ್ದು ತಮಗೇ.

"ಮಾನ್ಯ ಶಾಖಾ ವ್ಯವಸ್ಥಾಪಕರಿಗೆ, ನೀವು ಶಾಖೆಯ ಚಾರ್ಜ್ ಕೊಟ್ಟಾಗಿದೆ. ಕ್ಯಾಶು, ಕೀ, ಚಿನ್ನದ ಪೊಟ್ಟಣ ಎಲ್ಲ ಟ್ಯಾಲಿ ಆಗಿದೆ. ಆದರೆ ನಿಮ್ಮ ಚಾರ್ಜನ್ನು ಇನ್ನೂ ಯಾರೂ ವಹಿಸಿಕೊಂಡಿಲ್ಲ. ಮನೆಯ ವರಾಂಡದಲ್ಲಿ ಹಾಗೇ ಕೂತಿದ್ದೀರಿ."

ಹೆಸರು ಹಾಕಬಾರದು, ಕೊನೆಯ ಶಾಖೆಯ ಊರು ಹೇಳಬಾರದು ಎಂಬ ಷರತ್ತಿನ ಮೇಲೆ ಅವರು ಪತ್ರ ಓದಲು ಕೊಟ್ಟರು. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಅವರ ಕೊನೆಯ ಪೋಸ್ಟಿಂಗ್. 1980ರ ದಶಕದಲ್ಲಿ ಗುಮಾಸ್ತರಾಗಿ ಸೇರಿ, ಬಡ್ತಿ ಪಡೆದು, ಬಡ್ತಿಯ ಜೊತೆ ಬರುವ ವರ್ಗಾವಣೆಗಳನ್ನು ನುಂಗಿಕೊಂಡು, 2021ರಲ್ಲಿ ನಿವೃತ್ತರಾದವರು. ಅವರ ಪೆನ್ಷನ್ನಿಗೆ ಏನೂ ತೊಂದರೆಯಾಗಿಲ್ಲ. 1995ರ ಬ್ಯಾಂಕ್ ಪಿಂಚಣಿ ನಿಯಮದ ಪ್ರಕಾರ 33 ವರ್ಷ ಸೇವೆ ಪೂರೈಸಿದವರಿಗೆ ಕೊನೆಯ 10 ತಿಂಗಳ ಸಂಬಳದ ಸರಾಸರಿಯ ಅರ್ಧ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಮಕ್ಕಳು ನೆಲೆ ಕಂಡಿದ್ದಾರೆ, ಮನೆ ಸಾಲ ತೀರಿದೆ. ದುಡ್ಡಿನ ಕಷ್ಟವಿಲ್ಲದ ಮನುಷ್ಯ ಯಾಕೆ ಹೀಗೆ ಬರೆದುಕೊಂಡ ಎಂದು ಕೇಳುವವರು ಬ್ಯಾಂಕಿನ ಕೊನೆಯ ದಿನ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು.

ಬ್ಯಾಂಕಿನಲ್ಲಿ ಹುಟ್ಟುಹಬ್ಬದ ದಿನವೇ ನಿವೃತ್ತಿಯಾಗುವುದಿಲ್ಲ. ಅರವತ್ತು ತುಂಬುವ ತಿಂಗಳ ಕೊನೆಯ ದಿನ ಆಗುತ್ತದೆ. ಸಂಜೆ ಸೆಂಡಾಫ್ ಇರುತ್ತದೆ: ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಯಾರೋ ಒಬ್ಬರ ಗಂಟಲು ಕಟ್ಟಿದ ಮಾತು. ಅದಕ್ಕಿಂತ ಮೊದಲಿನದು ಚಾರ್ಜ್ ಕೊಡುವ ಕೆಲಸ. ಸ್ಟ್ರಾಂಗ್ ರೂಮಿಗೆ ಎರಡು ಕೀ ಇರುತ್ತವೆ, ಇಬ್ಬರ ಸುಪರ್ದಿನಲ್ಲಿ. ಒಬ್ಬರೇ ಹೋಗಿ ತೆಗೆಯಲು ಬರದ ಹಾಗೆ ಬಾಗಿಲನ್ನು ಮಾಡಿಸಿರುತ್ತಾರೆ. ಹೊಸದಾಗಿ ಬಂದವರು ನಗದನ್ನು ಎಣಿಸಿ ನೋಡುತ್ತಾರೆ. ಚಿನ್ನದ ಸಾಲದ ಪೊಟ್ಟಣಗಳನ್ನು ರಿಜಿಸ್ಟರಿನ ಜೊತೆ ತಾಳೆ ಹಾಕುತ್ತಾರೆ. ಅಡಮಾನದ ಮೂಲಪತ್ರಗಳು, ಖಾಲಿ ಚೆಕ್ ಪುಸ್ತಕಗಳು, ಸೀಲುಗಳು ಒಂದೊಂದಾಗಿ ಕೈ ಬದಲಾಗುತ್ತವೆ. ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ ಬೀಳುತ್ತದೆ. ಕಂಪ್ಯೂಟರಿನ ಲಾಗಿನ್ ಬಂದ್. ಬ್ಯಾಂಕು ಕೊಟ್ಟ ಮೊಬೈಲ್ ಸಿಮ್ ವಾಪಸ್.

ಪತ್ರದಲ್ಲಿ ಈ ಸಿಮ್ಮಿಗೇ ಒಂದು ಇಡೀ ಪ್ಯಾರಾ ಮೀಸಲು. "ಆ ನಂಬರು ಊರಿನ ಎಲ್ಲ ಅಡಿಕೆ ಮಂಡಿಯವರ ಹತ್ತಿರ, ಶಾಲೆಯ ಹೆಡ್‌ಮಾಸ್ಟರ ಹತ್ತಿರ, ದೇವಸ್ಥಾನದ ಕಮಿಟಿಯವರ ಹತ್ತಿರ ಇತ್ತು. ಅವರೆಲ್ಲ ಮರುದಿನವೂ ಫೋನ್ ಮಾಡಿದ್ದಾರೆ. ಎತ್ತಿದವರು ಬೇರೆ. ಯಾರೂ ರಾಂಗ್ ನಂಬರ್ ಅನ್ನಲಿಲ್ಲವಂತೆ."

ಚಾರ್ಜ್ ಲಿಸ್ಟು ಎಂಬುದು ಬ್ಯಾಂಕಿನವರ ಪ್ರಾಮಾಣಿಕತೆಯ ಕಾಗದ. ಒಂದು ರೂಪಾಯಿ, ಒಂದು ಗ್ರಾಂ ಆಚೀಚೆ ಆಗುವಂತಿಲ್ಲ. ಆದರೆ ಕುರ್ಚಿಯ ಜೊತೆ ಬಂದು ಮೈಗೆ ಅಂಟಿಕೊಂಡ ಇತರ ವಸ್ತುಗಳಿಗೆ ಅದರಲ್ಲಿ ಕಾಲಂ ಇಲ್ಲ. ಉದಾಹರಣೆಗೆ ಸಹಿ. ಡಿಮ್ಯಾಂಡ್ ಡ್ರಾಫ್ಟಿನ ಕಾಲದಲ್ಲಿ ಪ್ರತಿ ಅಧಿಕಾರಿಯ ಸಹಿಯ ಮಾದರಿ, ಅದರ ನಂಬರಿನ ಜೊತೆ, ಬ್ಯಾಂಕಿನ ಶಾಖೆಗಳಿಗೆ ಹೋಗುತ್ತಿತ್ತು. ಶಿವಮೊಗ್ಗದಲ್ಲಿ ಗೀಚಿದ ಸಹಿಯನ್ನು ದೂರದ ಪಾಟ್ನಾದಲ್ಲಿ ಮುಖ ನೋಡದ ಯಾರೋ ಹೋಲಿಸಿ ನೋಡಿ ಹಣ ಕೊಡುತ್ತಿದ್ದರು. ಇಪ್ಪತ್ತು ಮೂವತ್ತು ವರ್ಷ ಹೀಗೆ ಬದುಕಿದವರಿಗೆ ಒಂದು ಬೆಳಿಗ್ಗೆ ತಮ್ಮ ಸಹಿಗೆ ಗ್ಯಾಸ್ ಸಿಲಿಂಡರ್ ಪಡೆದ ರಸೀದಿಯಾಚೆ ಬೆಲೆ ಇಲ್ಲ ಎಂದು ಗೊತ್ತಾಗುತ್ತದೆ.

ಸಣ್ಣ ಊರಿನಲ್ಲಿ ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ಅಲ್ಲಿ ಮ್ಯಾನೇಜರಿಗೆ ಹೆಸರು ಇರುವುದೇ ಕಡಿಮೆ. ಲಗ್ನಪತ್ರಿಕೆಯ ಲಕೋಟೆಯ ಮೇಲೂ 'ಮ್ಯಾನೇಜರ್ ಸಾಹೇಬರು' ಎಂದೇ ಬರೆದಿರುತ್ತಾರೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ ಮನುಷ್ಯನ ಹೆಸರು ನೆನಪಿಟ್ಟುಕೊಂಡು ಊರಿಗೆ ಆಗಬೇಕಾದದ್ದೂ ಏನಿಲ್ಲ. ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಒಂದು ಕುರ್ಚಿ ಬ್ಯಾಂಕಿಗೆ ಸಲ್ಲುತ್ತದೆ. ಅದರಲ್ಲಿ ಯಾರು ಕೂತರೂ ಆದೀತು. ಇಂಥ ಐದಾರು ಊರು ಸುತ್ತಿ ಬಂದವರಿಗೆ ತಮ್ಮದೇ ಊರು ಎಂಬುದೂ ಇರುವುದಿಲ್ಲ. ನಿವೃತ್ತಿಗೆಂದು ಕಟ್ಟಿಸಿದ ಮನೆಯ ಬೀದಿಯಲ್ಲಿ ಅವರು ಹೊಸಬರು.

ಕರ್ನಾಟಕದ ಈ ತಲೆಮಾರಿಗೆ ಇನ್ನೊಂದು ನಷ್ಟವೂ ಕೂಡಿಕೊಂಡಿತು. ಅವರು ಬಿಟ್ಟುಬಂದ ಬ್ಯಾಂಕೇ ಅವರ ಹಿಂದೆ ಮಾಯವಾಯಿತು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿತು. ಮಂಗಳೂರಿನ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಎರಡೂ ಬ್ಯಾಂಕುಗಳ ಸರದಿ: ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ. ಆಗ ದೇಶವೆಲ್ಲ ಲಾಕ್‌ಡೌನಿನಲ್ಲಿತ್ತು. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿಗೆ ಹೋಗಿ ಸಂಗ್ರಹಿಸಲು ಶುರುಮಾಡಿದ ಬ್ಯಾಂಕಿನ ಹೆಸರು, ಜನ ಮನೆಬಾಗಿಲು ದಾಟದ ದಿನಗಳಲ್ಲಿ ಅಳಿಸಿಹೋಯಿತು.

ಪತ್ರ ಬರೆದವರು ಉಡುಪಿಯ ಈ ಎರಡರಲ್ಲಿ ಒಂದರವರು. ಕೊನೆಯ ವರ್ಷ ಹೊಸ ಹೆಸರಿನ ಬೋರ್ಡಿನ ಕೆಳಗೆ ಕೆಲಸ ಮಾಡಿ ನಿವೃತ್ತರಾದರು. "ಎಲ್ಲಿ ಕೆಲಸ ಮಾಡಿದ್ದಿರಿ ಎಂದು ಪಾರ್ಕಿನಲ್ಲಿ ಯಾರೋ ಕೇಳಿದರು. ಹೇಳಿದಿರಿ. ಓ, ಅದು ಈಗ ಇಲ್ಲ ಅಲ್ವಾ ಸಾರ್ ಎಂದರು. ಹೌದು, ಇಲ್ಲ ಎಂದಿರಿ. ಬ್ಯಾಂಕಿನ ಬಗ್ಗೆ ಹೇಳಿದಿರೋ ನಿಮ್ಮ ಬಗ್ಗೆ ಹೇಳಿದಿರೋ, ಮನೆಗೆ ಬರುವವರೆಗೂ ತೀರ್ಮಾನವಾಗಲಿಲ್ಲ."

ಮನೆಯಲ್ಲಿ ಇದು ಬೇರೆ ರೂಪ ತಾಳಿತು. ಬೆಳಿಗ್ಗೆ ಹತ್ತಕ್ಕೆ ಸ್ನಾನ, ಇಸ್ತ್ರಿ ಶರಟು ಎಲ್ಲ ಮುಗಿಸಿ ಹೋಗಲು ಜಾಗವಿಲ್ಲದೆ ಅವರು ಅಡುಗೆಮನೆಯ ಇನ್ಸ್‌ಪೆಕ್ಷನ್ ಶುರುಮಾಡಿದರು. ಬೇಳೆ ಯಾಕೆ ಎರಡು ಡಬ್ಬಿಯಲ್ಲಿದೆ, ಹಾಲಿನ ಲೆಕ್ಕ ಯಾಕೆ ಕ್ಯಾಲೆಂಡರಿನ ಮೇಲಿದೆ ಎಂದು ವಿಚಾರಣೆ. ಮೂವತ್ತೈದು ವರ್ಷ ಆ ಶಾಖೆಯನ್ನು ಒಬ್ಬರೇ ನಡೆಸಿದ ಹೆಂಡತಿ ಸ್ವಲ್ಪ ದಿನ ನೋಡಿ, "ಇಲ್ಲಿಗೆ ನಿಮಗೆ ಪೋಸ್ಟಿಂಗ್ ಆರ್ಡರ್ ಯಾರು ಕೊಟ್ರು ಅಂದ್ರೆ?" ಎಂದು ಕೇಳಿದರಂತೆ. ಇದನ್ನು ಅವರೇ ನಗುತ್ತ ಹೇಳಿದರು. ಪತ್ರದಲ್ಲಿ ಮಾತ್ರ ಆ ಪ್ರಶ್ನೆಯನ್ನು ನಗೆಯಿಲ್ಲದೆ, ಒಂದೇ ಸಾಲಿನಲ್ಲಿ ದಾಖಲಿಸಿದ್ದಾರೆ.

ಮೊದಲ ನವೆಂಬರ್ ಬಂತು. ಪಿಂಚಣಿದಾರರು ವರ್ಷಕ್ಕೊಮ್ಮೆ ಆ ತಿಂಗಳಲ್ಲಿ ತಾವು ಬದುಕಿದ್ದೇವೆ ಎಂದು ಜೀವಿತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಿಂದ ಮನೆಯಲ್ಲೇ ಕೂತು ಆಧಾರ್ ಮೂಲಕ ಕೊಡಬಹುದು. ಅವರು ಶಾಖೆಗೇ ಹೋದರು. ಟೋಕನ್ ತೆಗೆದುಕೊಂಡು, ತಾವೇ ಒಮ್ಮೆ ಇಂಡೆಂಟ್ ಹಾಕಿ ತರಿಸುತ್ತಿದ್ದ ಥರದ ಸ್ಟೀಲ್ ಬೆಂಚಿನ ಮೇಲೆ ಕೂತರು. ಕೌಂಟರಿನ ಹುಡುಗಿ ತಲೆ ಎತ್ತದೆ, "ಅಂಕಲ್, ಆಧಾರ್ ಕೊಡಿ" ಎಂದಳು. ಅವಳ ತಪ್ಪೇನೂ ಇಲ್ಲ. ಅವಳು ಪಾಪ ಮರ್ಯಾದೆಯಿಂದಲೇ ಕರೆದದ್ದು.

ಕೆಲಸ ಬಿಟ್ಟ ಮೇಲೂ ಹಳೆಯ ಪಾತ್ರ ಮೈಬಿಡದೆ ಉಳಿಯುವುದನ್ನು ಗಂಭೀರವಾಗಿ ಅಧ್ಯಯನ ಮಾಡಿದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಈಬೋ. ಆಕೆ ಮೊದಲು ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದು ಮಠ ಬಿಟ್ಟು ಹೊರಬಂದವರು. 1988ರಲ್ಲಿ ಪ್ರಕಟವಾದ ಅವರ ಪುಸ್ತಕ, ವೈದ್ಯ ವೃತ್ತಿ ಬಿಟ್ಟವರು, ಜೈಲಿನಿಂದ ಹೊರಬಂದವರು, ವಿಚ್ಛೇದನ ಪಡೆದವರು, ನಿವೃತ್ತರು ಹೀಗೆ 'ಮಾಜಿ'ಗಳನ್ನೆಲ್ಲ ಮಾತಾಡಿಸಿ ಬರೆದದ್ದು. ಅವರ ಮುಖ್ಯ ಗಮನಿಕೆ ಇದು: ಮಾಜಿ ಎಂಬುದು ಖಾಲಿ ಜಾಗವಲ್ಲ, ಅದೇ ಒಂದು ಪಾತ್ರ. ಹೊಸದಾಗಿ ಒಂದು ಕೆಲಸಕ್ಕೆ ಸೇರಿದವನಿಗೆ ಹಳೆಯದರ ನೆರಳಿಲ್ಲ. ಮಾಜಿಗೆ ಮಾತ್ರ ತಾನು ಇದ್ದದ್ದನ್ನು ಸೇರಿಸಿಕೊಂಡೇ ಈಗಿನದನ್ನು ಕಟ್ಟಿಕೊಳ್ಳಬೇಕು. ಸುತ್ತಲಿನವರೂ ಅವನನ್ನು ಹಳೆಯ ಪಾತ್ರದ ಮೂಲಕವೇ ನೋಡುತ್ತಿರುತ್ತಾರೆ. ನಮ್ಮ ಮ್ಯಾನೇಜರಿಗೆ ಮದುವೆ ಮನೆಗಳಲ್ಲಿ ಎರಡು ಬಗೆಯ ಮಾತು ಎದುರಾಗುತ್ತಿತ್ತು. ಕೆಲವರು, "ಈಗ ಯಾವ ಬ್ರಾಂಚಲ್ಲಿದೀರಿ ಸಾರ್?" ಎನ್ನುತ್ತಿದ್ದರು. ಉಳಿದವರು ಅವರನ್ನು ದಾಟಿ ಹೊಸ ಮ್ಯಾನೇಜರಿನ ಕಡೆ ನಡೆಯುತ್ತಿದ್ದರು. ಮೊದಲನೆಯದೇ ಹೆಚ್ಚು ನೋಯಿಸುತ್ತಿತ್ತು ಎಂದರು. ಯಾಕೆಂದರೆ ಉತ್ತರ ಹೇಳಿದೊಡನೆ ಎದುರಿನ ಮುಖ ಬದಲಾಗುವುದನ್ನು ನಿಂತು ನೋಡಬೇಕಿತ್ತು.

ಪತ್ರದ ನಾಲ್ಕನೆಯ ಪ್ಯಾರಾದಿಂದ ಅವರು ಬ್ಯಾಂಕಿನ ಬುದ್ಧಿಯನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಕಾಗದಕ್ಕೆ ಗೆರೆ ಎಳೆದು ಮೂರು ಕಾಲಂ ಮಾಡಿದ್ದಾರೆ. ಮೊದಲನೆಯದರ ತಲೆಬರಹ 'ಶಾಖೆಗೆ ಸೇರಿದ್ದು', ಎರಡನೆಯದು 'ನನ್ನದು', ಮೂರನೆಯದು 'ಸಸ್ಪೆನ್ಸ್'.

ಬ್ಯಾಂಕಿನ ಹೊರಗಿನವರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕು. ದಿನದ ಲೆಕ್ಕದಲ್ಲಿ ಯಾವುದೋ ಒಂದು ಮೊತ್ತ ಯಾವ ಖಾತೆಗೆ ಸೇರಬೇಕು ಎಂದು ತಿಳಿಯದಿದ್ದರೆ ಅದನ್ನು ಬಿಸಾಡುವಂತಿಲ್ಲ, ಊಹೆಯ ಮೇಲೆ ಯಾರದೋ ಖಾತೆಗೆ ಹಾಕುವಂತೆಯೂ ಇಲ್ಲ. ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಾರೆ. ಆಮೇಲೆ ಚೀಟಿ ಹುಡುಕಿ, ವಿಚಾರಿಸಿ, ಸರಿಯಾದ ಜಾಗಕ್ಕೆ ಸೇರಿಸಿ ತೀರಿಸಬೇಕು. ಹಳೆಯ ಎಂಟ್ರಿಗಳು ಅಲ್ಲೇ ಕೊಳೆಯುತ್ತಿದ್ದರೆ ಆಡಿಟರ್ ಮೊದಲು ಕೈ ಇಡುವುದೇ ಅಲ್ಲಿ.

'ಶಾಖೆಗೆ ಸೇರಿದ್ದು' ಕಾಲಂ ಬೇಗ ತುಂಬಿದೆ. ಕುರ್ಚಿ, ಗಾಜಿನ ಕ್ಯಾಬಿನ್, ಸಾಲ ಮಂಜೂರು ಮಾಡುವ ಅಧಿಕಾರ, ದೀಪಾವಳಿಯ ಸಿಹಿ ಡಬ್ಬಿಗಳು, ತಹಶೀಲ್ದಾರರ ಫೋನು, ವೇದಿಕೆಯ ಕುರ್ಚಿ. ಅಧಿಕಾರದ ಮುಂದೆ ಕಂಸದೊಳಗೆ ಒಂದು ಟಿಪ್ಪಣಿ ಸೇರಿಸಿದ್ದಾರೆ: "ಇದು ನಾನು ಹೊರಡುವ ಮೊದಲೇ ಅರ್ಧ ಹೋಗಿತ್ತು." ನಿಜವೇ. ಮನೆ ಸಾಲ, ವಾಹನ ಸಾಲಗಳ ಅರ್ಜಿ ಈಗ ಅನೇಕ ಬ್ಯಾಂಕುಗಳಲ್ಲಿ ಶಾಖೆಯಿಂದ ಬೇರೆ ಊರಿನ ಸಂಸ್ಕರಣಾ ಕೇಂದ್ರಕ್ಕೆ ಹೋಗಿ ಅಲ್ಲಿ ತೀರ್ಮಾನವಾಗುತ್ತದೆ. ಕುರ್ಚಿ ಬಿಟ್ಟ ಮೇಲೆ ಅವರು ಕೊರಗುತ್ತಿದ್ದದ್ದು ಹತ್ತು ವರ್ಷ ಹಿಂದಿನ ಕುರ್ಚಿಗಾಗಿ. ಬರೆಯದಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ.

'ನನ್ನದು' ಎಂಬಲ್ಲಿ ಮೂರೇ ಸಾಲು. ಜಮೀನಿಗೆ ಹೋಗಿ ತೋಟ ನೋಡಿ ಆದಾಯ ಅಂದಾಜು ಮಾಡುವ ಕಣ್ಣು. ಸಾಲ ಕೇಳಲು ಬಂದವನು ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವ ಕಿವಿ. ತಪ್ಪಿದ ಲೆಕ್ಕವನ್ನು ರಾತ್ರಿ ಎಷ್ಟು ಹೊತ್ತಾದರೂ ಬಿಡದೆ ಹುಡುಕುವ ಹಟ. ಈ ಮೂರಕ್ಕೂ ಲಾಗಿನ್ ಬೇಕಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಮೂರನೆಯ ಕಾಲಂ. ಅಲ್ಲಿ ಇರುವುದೆಲ್ಲ ಮನುಷ್ಯರ ಹೆಸರು. ವಾರಕ್ಕೆರಡು ಸಲ ಬಂದು ಕಾಫಿ ಕುಡಿದು ಹೋಗುತ್ತಿದ್ದ ಅಡಿಕೆ ವ್ಯಾಪಾರಿ ಬರುತ್ತಿದ್ದದ್ದು ಕ್ಯಾಶ್ ಕ್ರೆಡಿಟ್ ಮಿತಿಗೋ ನನಗೋ? ಮಗಳ ಮದುವೆಗೆ ಮುಂದೆ ನಿಂತು ಓಡಾಡಿದ ಗ್ರಾಹಕ? ಜೊತೆಗೆ ಸೇರಿದ ಬ್ಯಾಚಿನ ಸ್ನೇಹಿತರು, ಅವರಲ್ಲಿ ಡಿಜಿಎಂ ಆದ ಒಬ್ಬರು? ಮ್ಯಾನೇಜರ್ ಅವರನ್ನು ಮೋಸಗಾರರು ಎಂದು ಬರೆದಿಲ್ಲ, ಸ್ನೇಹಿತರು ಎಂದೂ ಬರೆದಿಲ್ಲ. ಎಂಟ್ರಿಯ ಮುಂದೆ 'ವಿಚಾರಿಸಬೇಕು' ಎಂದಷ್ಟೇ ಇದೆ. ಈ ಸಂಯಮವೇ ಇಡೀ ಪತ್ರದ ಒಳ್ಳೆಯ ಭಾಗ. ನಿವೃತ್ತರು ಸಾಮಾನ್ಯವಾಗಿ ಇಲ್ಲಿ ಆತುರ ಪಡುತ್ತಾರೆ. ಎರಡು ತಿಂಗಳು ಫೋನ್ ಬರಲಿಲ್ಲ ಎಂದು ಪ್ರಪಂಚವೇ ಸ್ವಾರ್ಥಿ ಎಂದು ಷರಾ ಬರೆದು ಖಾತೆ ಮುಚ್ಚಿಬಿಡುತ್ತಾರೆ.

ಹೀಗೆ ಬರೆದುಕೊಳ್ಳುವುದರಿಂದ ಏನಾದರೂ ಆಗುತ್ತದೆಯೇ ಎಂಬುದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಕಹಿ ಅನುಭವದ ಬಗ್ಗೆ ಬರೆದರು. ಘಟನೆಯನ್ನೂ ಅದು ಎಬ್ಬಿಸಿದ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಮ್ಮ ವಿಷಯಕ್ಕೆ ಹತ್ತಿರದ್ದು 1994ರ ಇನ್ನೊಂದು ಅಧ್ಯಯನ. ಕಂಪನಿಯೊಂದು ಕೆಲಸದಿಂದ ತೆಗೆದುಹಾಕಿದ್ದ ವೃತ್ತಿಪರರಲ್ಲಿ ಕೆಲವರು ಐದು ದಿನ ಆ ನಷ್ಟದ ಬಗ್ಗೆಯೇ ಬರೆದರು. ಬರೆಯದವರಿಗಿಂತ ಅವರಿಗೆ ಬೇಗ ಕೆಲಸ ಸಿಕ್ಕಿತು. ಅವರೇನೂ ಹೆಚ್ಚು ಅರ್ಜಿ ಹಾಕಿರಲಿಲ್ಲ, ಹೆಚ್ಚು ಕಡೆ ಫೋನ್ ಮಾಡಿರಲಿಲ್ಲ. ಹಳೆಯ ಕಂಪನಿಯ ಮೇಲಿನ ಸಿಟ್ಟು ಕಾಗದದ ಮೇಲೆ ಇಳಿದದ್ದರಿಂದ ಸಂದರ್ಶನದಲ್ಲಿ ಅದು ಹೊರಬೀಳಲಿಲ್ಲ ಎಂಬುದು ಸಂಶೋಧಕರ ಒಂದು ವಿವರಣೆ.

ಪೆನ್ನೆಬೇಕರ್ ಬಳಗ ಇಂಥ ಬರಹಗಳಲ್ಲಿನ ಮಾತುಗಳನ್ನೂ ಎಣಿಸಿ ನೋಡಿತು. ದಿನದಿಂದ ದಿನಕ್ಕೆ ಬರಹ ಬದಲಾಗುತ್ತ ಹೋದವರಿಗೆ, ಅಂದರೆ 'ಯಾಕೆಂದರೆ', 'ಈಗ ಅರ್ಥವಾಯಿತು' ಎಂಬಂಥ ಮಾತುಗಳು ಹೆಚ್ಚುತ್ತ ಹೋದವರಿಗೆ ಹೆಚ್ಚು ಉಪಯೋಗವಾಗಿತ್ತು. 'ನಾನು' ಎಂಬ ಒಂದೇ ಕಡೆಯಿಂದ ನೋಡದೆ ಆಚೆಯಿಂದಲೂ ಈಚೆಯಿಂದಲೂ ನೋಡಿದವರಿಗೂ ಅಷ್ಟೇ. ಇನ್ನೊಬ್ಬ ಸಂಶೋಧಕ ಈಥನ್ ಕ್ರಾಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮನ್ನು ತಾವು ಹೆಸರಿಡಿದೋ 'ನೀನು' ಎಂದೋ ಮಾತಾಡಿಸಿಕೊಂಡವರು ಕಷ್ಟದ ಗಳಿಗೆಯನ್ನು ಕಡಿಮೆ ತಳಮಳದಿಂದ ಎದುರಿಸಿದ್ದರು. ನಮ್ಮ ಪತ್ರ 'ನೀವು' ಎಂದು ಶುರುವಾಗುತ್ತದೆ, ಮೇಲಧಿಕಾರಿಗೆ ಬರೆದ ಹಾಗೆ. ಸಸ್ಪೆನ್ಸ್ ಕಾಲಂ ಮುಗಿದ ಮೇಲೆ ಎಲ್ಲೋ ಒಂದು ಕಡೆ 'ನೀನು' ಆಗುತ್ತದೆ. ಅದನ್ನು ತೋರಿಸಿದಾಗ ಅವರಿಗೇ ಆಶ್ಚರ್ಯ. ಗಮನಿಸಿರಲಿಲ್ಲ.

ಇದನ್ನು ಔಷಧ ಎಂದು ಮಾರುವವರ ಮಾತು ಕೇಳಬಾರದು. ನೂರಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರಾಸರಿ ಪರಿಣಾಮ ಚಿಕ್ಕದೇ. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗುವುದೂ ಸಾಮಾನ್ಯ. ಪೆನ್ನೆಬೇಕರ್ ಅವರ ಮೊದಲ ಪ್ರಯೋಗದಲ್ಲೇ ಅದು ಕಂಡಿತ್ತು. ಕೆಡುವುದು ಹೇಗೆ ಎಂದರೆ, ಬರೆದದ್ದನ್ನೇ ಮತ್ತೆ ಬರೆದಾಗ. ಮೂರನೆಯ ಪತ್ರ ಮೊದಲನೆಯದರ ನಕಲಿನಂತಿದ್ದರೆ, ಅದೇ ಹೆಸರು, ಅದೇ ಅವಮಾನ, ಅದೇ ಬೈಗುಳ ಇದ್ದರೆ, ಅಲ್ಲಿ ಆಗುತ್ತಿರುವುದು ಕೊರಗು. ಪೆನ್ನು ಕೆಳಗಿಡುವುದು ವಾಸಿ. ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಬೇಡವೆನ್ನಿಸಿ, ಬದುಕಿದ್ದು ಏನು ಪ್ರಯೋಜನ ಎಂಬ ಮಾತು ಬರುತ್ತಿದ್ದರೆ ಅದಕ್ಕೆ ಪತ್ರ ಸಾಲದು. ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅರವತ್ತು ದಾಟಿದ ಗಂಡಸರು ಇಂಥದ್ದನ್ನು ಗ್ಯಾಸ್ಟ್ರಿಕ್ ಎಂದೋ ಬೆನ್ನುನೋವು ಎಂದೋ ಹೇಳಿ ಸುತ್ತುವುದೂ ಉಂಟು, ಮನೆಯವರು ಗಮನಿಸಬೇಕಾದ್ದು.

ಮ್ಯಾನೇಜರಿಗೆ ಆ ಮಟ್ಟಕ್ಕೆ ಹೋಗಿರಲಿಲ್ಲ. ಪತ್ರ ಬರೆದ ಮೇಲೆ ಆದ ಮೊದಲ ಬದಲಾವಣೆ ತೀರ ಲೌಕಿಕವಾದದ್ದು. ಅಷ್ಟರಲ್ಲಿ ಅವರಿಗೆ ಖಾಸಗಿ ಫೈನಾನ್ಸ್ ಸಂಸ್ಥೆಯೊಂದು ಸಲಹೆಗಾರರ ಹುದ್ದೆ ಕೊಡಲು ಬಂದಿತ್ತು. ಕ್ಯಾಬಿನ್ ಇತ್ತು, ವಿಸಿಟಿಂಗ್ ಕಾರ್ಡ್ ಇತ್ತು. ಒಪ್ಪಿಕೊಳ್ಳುವುದರಲ್ಲೇ ಇದ್ದರು. ಕಾಲಂಗಳನ್ನು ನೋಡಿದಾಗ ಆ ಹುದ್ದೆ ಕೊಡುವುದೆಲ್ಲ ಮೊದಲನೆಯ ಕಾಲಮಿನ ಸಾಮಾನು ಎಂದು ಹೊಳೆದು ಬೇಡವೆಂದರು. ನಿವೃತ್ತ ಬ್ಯಾಂಕರುಗಳಿಗೆ ಬೇರೆ ದಾರಿಗಳೂ ಇವೆ. ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳು ನಿವೃತ್ತ ಅಧಿಕಾರಿಗಳನ್ನು ಸಲಹೆಗಾರರಾಗಿ ತೆಗೆದುಕೊಳ್ಳುತ್ತವೆ. 1982ರಲ್ಲಿ ಧರ್ಮಸ್ಥಳ ಕ್ಷೇತ್ರವೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಪಾಠ ಹೇಳಲು ಬ್ಯಾಂಕಿನ ಅನುಭವ ಬೇಕು. ಅವರು ಹಿಡಿದದ್ದು ಇವೆರಡಕ್ಕಿಂತ ಚಿಕ್ಕ ಕೆಲಸ. ತಮ್ಮ ಬೀದಿಯ ಹಾಲಿನ ಸಂಘದ ಕಾರ್ಯದರ್ಶಿ ವರ್ಷದ ಲೆಕ್ಕ ಕೂಡುತ್ತಿಲ್ಲ ಎಂದು ಒದ್ದಾಡುತ್ತಿದ್ದುದನ್ನು ಕೇಳಿ ಹೋಗಿ ಕೂತರು. ವ್ಯತ್ಯಾಸ 540 ರೂಪಾಯಿ. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಯಾರೋ ಅಂಕಿ ತಿರುವುಮುರುವು ಬರೆದಿರಬಹುದು ಎಂಬುದು ಲೆಡ್ಜರ್ ಕಾಲದವರಿಗೆ ಬಾಯಿಪಾಠ. ಹುಡುಕಿದರೆ 1,820 ಎಂದಿರಬೇಕಾದಲ್ಲಿ 1,280 ಎಂದಿತ್ತು. ಕಾರ್ಯದರ್ಶಿ ಅವರ ಹೆಸರು ಕೇಳಿ ಬರೆದುಕೊಂಡ.

ಸಸ್ಪೆನ್ಸ್ ಕಾಲಂ ಇನ್ನೂ ತೀರಿಲ್ಲ. ಅಡಿಕೆ ವ್ಯಾಪಾರಿಗೆ ಅವರೇ ಫೋನ್ ಮಾಡಿದರು. ಆತ ಮರುವಾರ ಮನೆಗೆ ಬಂದು ಎರಡು ಗಂಟೆ ಕೂತು ಹೋದ. ಸಾಲದ ವಿಷಯ ಎತ್ತಲಿಲ್ಲ, ಕ್ವಿಂಟಲಿಗೆ ಧಾರಣೆ ಎಷ್ಟಾಯಿತು ಎಂಬುದನ್ನು ಮಾತ್ರ ಮೊದಲಿನಂತೆಯೇ ವಿಸ್ತಾರವಾಗಿ ಹೇಳಿದ. ಆ ಎಂಟ್ರಿಯನ್ನು ಎರಡನೆಯ ಕಾಲಮಿಗೆ ವರ್ಗಾಯಿಸಿ ದಿನಾಂಕ ಹಾಕಿದ್ದಾರೆ. ಮದುವೆಗೆ ಓಡಾಡಿದ ಗ್ರಾಹಕ ಎರಡು ಸಲ ಫೋನ್ ಎತ್ತಲಿಲ್ಲ. ಅವನು ಮೊದಲನೆಯ ಕಾಲಮಿಗೆ ಹೋದ. ಡಿಜಿಎಂ ಆದ ಸ್ನೇಹಿತ ಮುಂದಿನ ವರ್ಷ ನಿವೃತ್ತನಾಗುತ್ತಾನೆ. ಅವನ ಮುಂದೆ, "ಇವನ ಚಾರ್ಜ್ ಆದ ಮೇಲೆ ನೋಡುವುದು" ಎಂದಿದೆ.